‘ಒಂದು ವಿಷಯ ಕೇಳಬಹುದಾ?’ ಎಂದವರಿಗೆ ‘ಹೂಂ, ಹೇಳಿ’ ಎಂದರೆ ಸಾಕು, ಏಕೆ?

ಮೊಬೈಲಿಗೆ ಒಂದು ಮೆಸೇಜು ಬರುತ್ತದೆ: ‘ಮೇಡಂ, ಒಂದು ವಿಷಯ ಕೇಳಬಹುದಾ?’ ಅಷ್ಟೇ. ಏನು ವಿಷಯ, ಯಾರಿಗೆ ಸಂಬಂಧಿಸಿದ್ದು, ಎಷ್ಟು ತುರ್ತು ಎಂಬುದು ಯಾವುದೂ ಅದರಲ್ಲಿಲ್ಲ. ಶಿಕ್ಷಕರು, ದಾದಿಯರು, ಆಶಾ ಕಾರ್ಯಕರ್ತೆಯರು, ಔಷಧಿ ಅಂಗಡಿಯವರು, ಮನೆತನದಲ್ಲಿ ಸ್ವಲ್ಪ ಓದಿಕೊಂಡ ದೊಡ್ಡಮ್ಮ ಚಿಕ್ಕಪ್ಪಂದಿರು, ಹೀಗೆ ನಾಲ್ಕು ಜನ ಸಲಹೆ ಕೇಳುವ ಯಾರಿಗೂ ಇದು ಹೊಸದಲ್ಲ. ಹಲವರಿಗೆ ಇದು ಕಿರಿಕಿರಿ ಕೂಡ. ‘ಕೇಳುವುದನ್ನು ನೇರವಾಗಿ ಕೇಳಬಾರದೇ? ಕೇಳಲು ಅನುಮತಿ ಕೇಳುವುದು ಸಮಯ ಹಾಳು’ ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ.

ಈ ನಂಬಿಕೆ ಎಷ್ಟು ಸರಿ? ಆ ಪುಟ್ಟ ಪ್ರಶ್ನೆ ನಿಜವಾಗಿ ಮಾಡುವ ಕೆಲಸವೇನು? ಅದಕ್ಕೆ ಒಂದು ಸರಳ ‘ಹೂಂ’, ಜೊತೆಗೊಂದು ‘ಹೇಳಿ’ ಎನ್ನುವುದು ಉಳಿದ ಉತ್ತರಗಳಿಗಿಂತ ಚೆನ್ನಾಗಿ ಕೆಲಸ ಮಾಡುವುದು ಏಕೆ? ಇವನ್ನು ಈ ಬರಹದಲ್ಲಿ ನೋಡೋಣ.

ಮುನ್ನುಡಿಗೂ ಒಂದು ಮುನ್ನುಡಿ

ಜನ ದಿನನಿತ್ಯ ಆಡುವ ಮಾತನ್ನು ರೆಕಾರ್ಡ್ ಮಾಡಿ, ಉಸಿರು, ಮೌನಗಳನ್ನೂ ಬಿಡದೆ ಬರೆದಿಟ್ಟು ಪರಿಶೀಲಿಸುವ ಒಂದು ಅಧ್ಯಯನ ಕ್ಷೇತ್ರವಿದೆ. ಅದನ್ನು ಸಂಭಾಷಣಾ ವಿಶ್ಲೇಷಣೆ ಎನ್ನುತ್ತಾರೆ. 1960ರ ದಶಕದಲ್ಲಿ ಅಮೆರಿಕದಲ್ಲಿ ಇದನ್ನು ಕಟ್ಟಿದವರಲ್ಲಿ ಇಮ್ಯಾನುಯೆಲ್ ಶೆಗ್ಲಾಫ್ ಒಬ್ಬರು. 1980ರಲ್ಲಿ ಅವರು ಪ್ರಕಟಿಸಿದ ಒಂದು ಲೇಖನದ ವಿಷಯವೇ ‘ನಾನು ನಿಮ್ಮನ್ನು ಒಂದು ಪ್ರಶ್ನೆ ಕೇಳಬಹುದೇ?’ ಎಂಬ ವಾಕ್ಯ.

ಈ ವಾಕ್ಯದ ನಂತರ ಪ್ರಶ್ನೆಯೇ ಬರಬೇಕು ಎಂದು ನಾವು ಅಂದುಕೊಳ್ಳುತ್ತೇವೆ. ಆದರೆ ಶೆಗ್ಲಾಫ್ ನೋಡಿದ ಮಾತುಕತೆಗಳಲ್ಲಿ ಬಹಳಷ್ಟು ಸಲ ಹಾಗಾಗಲಿಲ್ಲ. ಎದುರಿನವರು ‘ಹೂಂ’ ಎಂದ ಮೇಲೆ ಬಂದದ್ದು ಪ್ರಶ್ನೆಯಲ್ಲ, ಹಿನ್ನೆಲೆ. ‘ಮೊನ್ನೆ ಹೀಗಾಯಿತು’, ‘ನಿಮಗೆ ಅವರು ಗೊತ್ತಲ್ಲ’ ಎಂಬಂಥ ಮಾತುಗಳು. ಈ ಹಿನ್ನೆಲೆ ಇಲ್ಲದಿದ್ದರೆ ಪ್ರಶ್ನೆ ಅರ್ಥವಾಗುವುದಿಲ್ಲ. ಆದರೆ ಹಿನ್ನೆಲೆಯನ್ನು ನೇರವಾಗಿ ಶುರು ಮಾಡಿದರೆ, ಕೇಳುವವರು ಅದನ್ನೇ ಮುಖ್ಯ ವಿಷಯ ಎಂದುಕೊಂಡು ಅದಕ್ಕೇ ಉತ್ತರ ಕೊಡಲು ಹೊರಡಬಹುದು. ಹಾಗಾಗದಿರಲಿ ಎಂದೇ ‘ಒಂದು ಪ್ರಶ್ನೆ ಬರುವುದಿದೆ, ಅಲ್ಲಿಯವರೆಗೆ ತಡೆದುಕೊಳ್ಳಿ’ ಎಂದು ಮೊದಲೇ ಸೂಚಿಸುವುದು. ಅಂದರೆ ಇದು ಪ್ರಶ್ನೆಯ ಮುನ್ನುಡಿಯಲ್ಲ, ಮುನ್ನುಡಿಗೂ ಒಂದು ಮುನ್ನುಡಿ.

ಇದರ ಇನ್ನೊಂದು ಬಳಕೆಯನ್ನೂ ಶೆಗ್ಲಾಫ್ ಗುರುತಿಸಿದರು. ಮುಂದೆ ಬರುವ ಮಾತು ಸೂಕ್ಷ್ಮದ್ದು, ಮುಜುಗರದ್ದು ಎಂದು ತಿಳಿಸಲೂ ಜನ ಹೀಗೆ ಶುರು ಮಾಡುತ್ತಾರೆ. ಅಂಗಡಿಯಲ್ಲಿ ‘ಅಕ್ಕಿ ಎಷ್ಟು?’ ಎನ್ನಲು ಯಾರೂ ಅನುಮತಿ ಕೇಳುವುದಿಲ್ಲ. ‘ಸಾಲ ತೀರಿಸಲು ಇನ್ನೆರಡು ತಿಂಗಳು ಕೊಡ್ತೀರಾ?’ ಎನ್ನಲು ಕೇಳುತ್ತಾರೆ. ಕನ್ನಡದಲ್ಲಿ ಇದಕ್ಕೆ ಹಲವು ರೂಪಗಳಿವೆ: ‘ಏನೋ ಕೇಳಬೇಕಿತ್ತು’, ‘ತಪ್ಪು ತಿಳ್ಕೋಬೇಡಿ, ಒಂದು ಮಾತು’, ‘ಒಂದ್ನಿಮಿಷ ಬಿಡುವಿದ್ಯಾ?’ ‘ಕೇಳಬೇಕಿತ್ತು’ ಎಂಬಲ್ಲಿನ ‘ಇತ್ತು’ವನ್ನು ಗಮನಿಸಿ. ಕೇಳಬೇಕಿರುವುದು ಈಗಲೇ ಆದರೂ ಕ್ರಿಯೆಯನ್ನು ಹಿಂದಕ್ಕೆ ತಳ್ಳಿ, ಬೇಕಿದ್ದರೆ ವಾಪಸು ಪಡೆಯುವಂತೆ ಇಡಲಾಗಿದೆ.

ಹಾಗಾಗಿ ಆ ಒಂದು ಸಾಲಿನ ಮೆಸೇಜಿನಲ್ಲಿ ಹೇಳದೇ ಬಿಟ್ಟ ಮೂರು ಸಂಗತಿಗಳಿವೆ. ನೀವು ಈಗ ಸಿಗುತ್ತೀರಾ? ನಾನು ಪೂರ್ತಿ ಹೇಳುವವರೆಗೆ ತಾಳ್ಮೆ ಇದೆಯೇ? ಹೇಳಿದರೆ ಬೈಸಿಕೊಳ್ಳಬೇಕಾಗುತ್ತದೆಯೇ? ಉತ್ತರ ಕೊಡುವವರು ನಿಜವಾಗಿ ಉತ್ತರಿಸುತ್ತಿರುವುದು ಈ ಮೂರಕ್ಕೆ.

ಒಂದು ಉದಾಹರಣೆ: ಬಾಲ್ ತರಲು ಹೋದ ಹುಡುಗ

ಇದನ್ನು ಒಂದು ಕಲ್ಪಿತ ಉದಾಹರಣೆಯಲ್ಲಿ ನೋಡೋಣ. ಒಂಬತ್ತನೇ ತರಗತಿಯ ಹುಡುಗ ರಾತ್ರಿ ಎಂಟೂವರೆಗೆ ತನ್ನ ವಿಜ್ಞಾನ ಶಿಕ್ಷಕಿಗೆ ಅಪ್ಪನ ಫೋನಿನಿಂದ ಮೆಸೇಜು ಮಾಡುತ್ತಾನೆ.

‘ಮೇಡಂ, ಒಂದು ವಿಷಯ ಕೇಳಬಹುದಾ?’
‘ಹೂಂ, ಹೇಳಪ್ಪ.’
‘ನಿನ್ನೆ ಸಂಜೆ ಕ್ರಿಕೆಟ್ ಆಡ್ತಿದ್ವಿ’
‘ಬಾಲ್ ತರೋಕೆ ಖಾಲಿ ಸೈಟಿಗೆ ಹೋಗಿದ್ದೆ’
‘ಅಲ್ಲೊಂದು ನಾಯಿಮರಿ ಇತ್ತು ಮೇಡಂ’
‘ಕಾಲಿಗೆ ಹಲ್ಲು ತಾಗ್ತು. ಸ್ವಲ್ಪ ರಕ್ತ ಬಂತು ಅಷ್ಟೇ’
‘ಮರಿ ಕಚ್ಚಿದ್ರೆ ಇಂಜೆಕ್ಷನ್ ಬೇಕಾಗಲ್ಲ ಅಲ್ವಾ?’

ಪ್ರಶ್ನೆ ಬಂದದ್ದು ಐದನೇ ಸಾಲಿನಲ್ಲಿ. ಅದಕ್ಕೆ ಮೊದಲಿನ ನಾಲ್ಕೂ ಹಿನ್ನೆಲೆ. ಪ್ರಾಣಕ್ಕೆ ಸಂಬಂಧಿಸಿದ ಮಾತು, ಅಂದರೆ ಹಲ್ಲು ತಾಗಿ ರಕ್ತ ಬಂದದ್ದು, ನಾಲ್ಕನೇ ಸಾಲಿನಲ್ಲಿದೆ, ಅದೂ ‘ಅಷ್ಟೇ’ ಎಂಬ ಸಮಾಧಾನದ ಜೊತೆಗೆ. ಪ್ರಶ್ನೆಯ ರೂಪವೂ ಹಾಗೆಯೇ: ‘ಬೇಕಾಗಲ್ಲ ಅಲ್ವಾ?’ ಹುಡುಗನಿಗೆ ಬೇಕಿರುವ ಉತ್ತರ ಏನೆಂಬುದು ಅದರಲ್ಲೇ ಇದೆ.

ಇಲ್ಲಿ ಶಿಕ್ಷಕಿ ಹೇಳಬೇಕಾದ್ದು ಸ್ಪಷ್ಟ. ನಾಯಿಮರಿಯಿಂದ ರೇಬೀಸ್ ಬರುವುದಿಲ್ಲ ಎಂಬುದು ಸುಳ್ಳು ನಂಬಿಕೆ, ಮರಿಗೂ ಸೋಂಕು ಇರಬಹುದು. ರೋಗದ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ಬದುಕುವುದು ಇಲ್ಲವೆನ್ನುವಷ್ಟು ಅಪರೂಪ. ಆದರೆ ಲಕ್ಷಣ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ವಾರಗಳು, ತಿಂಗಳುಗಳು ಬೇಕಾಗುವುದರಿಂದ, ಒಂದು ದಿನ ತಡವಾಗಿದ್ದರೂ ಲಸಿಕೆ ಹಾಕಿಸಿಕೊಳ್ಳಲೇಬೇಕು. ಗಾಯವನ್ನು ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷ ತೊಳೆಯಬೇಕು. ಅರಿಶಿನ, ಸುಣ್ಣ, ಖಾರದಪುಡಿ ಯಾವುದನ್ನೂ ಹಚ್ಚಬಾರದು. ರಕ್ತ ಬಂದ ಗಾಯವಾದ್ದರಿಂದ ಲಸಿಕೆಯ ಜೊತೆಗೆ ಗಾಯದೊಳಕ್ಕೂ ಸುತ್ತಲೂ ಕೊಡುವ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕಾಗುತ್ತದೆ. ಲಸಿಕೆ ಒಂದೇ ಸಲಕ್ಕೆ ಮುಗಿಯುವುದಿಲ್ಲ. ಚರ್ಮದೊಳಗೆ ಕೊಡುವ ಕ್ರಮದಲ್ಲಿ ಮೊದಲ ಲಸಿಕೆಯ ದಿನವನ್ನು 0 ಎಂದು ಎಣಿಸಿ 0, 3, 7 ಮತ್ತು 28ನೇ ದಿನ ಹಾಕಿಸಿಕೊಳ್ಳಬೇಕು. ಆದ್ದರಿಂದ ಉತ್ತರ ಹೀಗಿರಬಹುದು: ‘ಬೇಕು ಕಣಪ್ಪ, ಮರಿ ಆದ್ರೂ ಬೇಕು. ಈಗಲೇ ಸೋಪು ಹಾಕಿ ಹದಿನೈದು ನಿಮಿಷ ನಲ್ಲಿ ನೀರಲ್ಲಿ ತೊಳಿ. ಅಪ್ಪನಿಗೆ ಫೋನ್ ಕೊಡು, ನಾನು ಮಾತಾಡ್ತೀನಿ. ಆಸ್ಪತ್ರೆಗೆ ಹೋಗ್ಬೇಕು.’

ಈ ಮಾಹಿತಿ ಗೊತ್ತಿರುವ ಶಿಕ್ಷಕರು ಬೇಕಾದಷ್ಟು ಜನ ಇದ್ದಾರೆ. ಆದರೆ ಹುಡುಗ ಐದನೇ ಸಾಲಿನವರೆಗೆ ಬಂದರೆ ಮಾತ್ರ ಅದು ಉಪಯೋಗಕ್ಕೆ ಬರುತ್ತದೆ. ಅವನನ್ನು ಅಲ್ಲಿಯವರೆಗೆ ತಂದದ್ದು ‘ಹೂಂ, ಹೇಳಪ್ಪ’ ಎಂಬ ಎರಡು ಪದ.

ಬೇರೆ ಉತ್ತರಗಳಲ್ಲಿ ಏನು ತೊಂದರೆ?

ಅದೇ ಹುಡುಗನಿಗೆ ಬೇರೆ ಉತ್ತರ ಸಿಕ್ಕಿತು ಎಂದುಕೊಳ್ಳೋಣ.

‘ಏನು ವಿಷಯ?’ ಎಂದು ಕೇಳಿದರೆ? ನೋಡಲು ಇದೂ ಆಹ್ವಾನವೇ. ಆದರೆ ಇದು ವಿಷಯದ ತಲೆಬರಹವನ್ನು ಮೊದಲೇ ಕೇಳುತ್ತದೆ. ಹಿನ್ನೆಲೆ ಹೇಳಿ ನಿಧಾನವಾಗಿ ಅಲ್ಲಿಗೆ ಬರೋಣ ಎಂದುಕೊಂಡವನು ಈಗ ‘ನಾಯಿ ಕಚ್ಚಿದೆ’ ಎಂದು ಒಂದೇ ಏಟಿಗೆ ಹೇಳಬೇಕು. ಅದು ಹೇಳಲಾಗದ್ದರಿಂದಲೇ ಅವನು ಅನುಮತಿ ಕೇಳಿದ್ದು. ಕೊರಳಿನ ದನಿ ಇಲ್ಲದ ಮೆಸೇಜಿನಲ್ಲಿ ‘ಏನು?’ ಎಂಬುದು ಗದರಿಕೆಯಂತೆ ಓದಿಸಿಕೊಳ್ಳುವ ಸಾಧ್ಯತೆಯೂ ಇದೆ.

‘ಕೇಳಿಬಿಟ್ಟೆಯಲ್ಲ, ಇನ್ನೇನು!’ ಎಂಬುದು ಹಳೆಯ ತಮಾಷೆ. ಗೆಳೆಯರ ನಡುವೆ ನಡೆಯುತ್ತದೆ. ಹೆದರಿದವನಿಗೆ ಅದು ಮೂರು ಸಂಗತಿಗಳಲ್ಲಿ ಒಂದಕ್ಕೂ ಉತ್ತರ ಕೊಡುವುದಿಲ್ಲ. ಅವನು ಒಂದು ನಗುವಿನ ಇಮೋಜಿ ಹಾಕಿ ‘ಏನಿಲ್ಲ ಮೇಡಂ’ ಎಂದು ಹೊರಟುಹೋಗಬಹುದು.

‘ಯಾವ ಸೆಕ್ಷನ್ನು? ಹೆಸರೇನು? ಯಾರ ನಂಬರು ಇದು?’ ಎಂದು ಶುರು ಮಾಡಿದರೆ ಅದು ವಿಚಾರಣೆಯಾಗುತ್ತದೆ. ಈ ವಿವರಗಳು ಬೇಕಾಗಬಹುದು, ಆದರೆ ವಿಷಯ ತಿಳಿದ ಮೇಲೆ. ಸಹಾಯವಾಣಿಗಳಲ್ಲೂ ಇದೇ ಕಷ್ಟ. ಮೊದಲ ‘ಕೇಳಬಹುದಾ?’ಗೆ ಉತ್ತರವಾಗಿ ಹೆಸರು, ವಯಸ್ಸು, ಜಿಲ್ಲೆಯ ಫಾರಂ ಎದುರಾದರೆ, ಮುಜುಗರದ ವಿಷಯ ಹೊತ್ತು ಬಂದವರು ಅಲ್ಲೇ ಹಿಂದಿರುಗಬಹುದು.

ಎಲ್ಲಕ್ಕಿಂತ ಕಷ್ಟದ್ದು ಒಳ್ಳೆಯ ಮನಸ್ಸಿನಿಂದ ಕೊಡುವ ಉತ್ತರ: ‘ಹೆದರಬೇಡ, ಏನಿದ್ದರೂ ಹೇಳು, ಯಾರಿಗೂ ಹೇಳಲ್ಲ.’ ಇದರಲ್ಲಿ ಎರಡು ತಪ್ಪುಗಳಿವೆ. ಹುಡುಗ ಹೆದರಿದ್ದೇನೆ ಎಂದು ಹೇಳಿಯೇ ಇಲ್ಲ. ‘ಹೆದರಬೇಡ’ ಎಂದಾಗ, ಇದು ಹೆದರುವ ವಿಷಯವೇ ಎಂದು ನಾವೇ ಹೇಳಿದಂತಾಗುತ್ತದೆ. ಎರಡನೆಯದು, ವಿಷಯ ಏನೆಂದು ತಿಳಿಯುವ ಮೊದಲೇ ಗುಟ್ಟಿನ ಮಾತು ಕೊಟ್ಟಿದ್ದೇವೆ. ನಾಯಿ ಕಚ್ಚಿದ್ದನ್ನು ಅಪ್ಪ ಅಮ್ಮನಿಗೆ ಹೇಳದೆ ಲಸಿಕೆ ಹಾಕಿಸುವುದು ಹೇಗೆ? ವಿಷಯ ಇನ್ನೂ ಗಂಭೀರವಾದದ್ದೂ ಆಗಿರಬಹುದು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ಗೊತ್ತಾದರೆ 2012ರ ಪೋಕ್ಸೋ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಕೊಟ್ಟ ಮಾತನ್ನು ಆಗ ಮುರಿಯಬೇಕಾಗುತ್ತದೆ, ಹುಡುಗನ ನಂಬಿಕೆಯೂ ಮುರಿಯುತ್ತದೆ. ಬರೀ ‘ಹೂಂ, ಹೇಳಪ್ಪ’ ಎಂದಿದ್ದರೆ ಬಾಗಿಲು ತೆರೆದಂತಾಗುತ್ತಿತ್ತು, ಉಳಿಸಿಕೊಳ್ಳಲಾಗದ ಮಾತು ಕೊಟ್ಟಂತಾಗುತ್ತಿರಲಿಲ್ಲ.

‘ಹೌದು’ ಒಂದೇ ಸಾಲದೇ?

ಎದುರುಬದುರು ಕೂತಿದ್ದರೆ ಸಾಕು. ಅಲ್ಲಿ ‘ಹೂಂ’ ಎನ್ನುವಾಗ ಮುಖ ಇತ್ತ ತಿರುಗುತ್ತದೆ, ಕೈಯಲ್ಲಿದ್ದ ಕೆಲಸ ನಿಲ್ಲುತ್ತದೆ. ‘ಹೇಳು’ ಎಂಬುದನ್ನು ಮೈಯೇ ಹೇಳುತ್ತದೆ. ಮೆಸೇಜಿನಲ್ಲಿ ಅದಿಲ್ಲ. ಪರದೆಯ ಮೇಲೆ ಒಂಟಿಯಾಗಿ ಕೂತ ‘ಹೂಂ’ ಒಪ್ಪಿಗೆಯೋ, ಬೇಸರವೋ, ಮುಂದೇನು ಎಂಬ ಅವಸರವೋ ತಿಳಿಯುವುದಿಲ್ಲ. ‘ಹೇಳಿ’ ಸೇರಿದಾಗ ಅನುಮಾನ ಕಳೆಯುತ್ತದೆ. ಈಗ ಸರದಿ ಯಾರದು ಎಂಬುದು ಸ್ಪಷ್ಟವಾಗುತ್ತದೆ.

ಇನ್ನೊಂದು ವಿಷಯ ಸಮಯದ್ದು. 2009ರಲ್ಲಿ ತಾನ್ಯಾ ಸ್ಟೈವರ್ಸ್ ಮತ್ತು ಸಂಗಡಿಗರು ಹತ್ತು ಭಾಷೆಗಳ ಮಾತುಕತೆಯನ್ನು ಅಳೆದು ನೋಡಿದರು. ಹೌದು-ಅಲ್ಲ ಎಂಬ ಉತ್ತರ ಬೇಡುವ ಪ್ರಶ್ನೆ ಮುಗಿದ ಮೇಲೆ ಉತ್ತರ ಶುರುವಾಗಲು ತೆಗೆದುಕೊಂಡ ಸಮಯ ಸರಾಸರಿ ಸುಮಾರು 200 ಮಿಲಿಸೆಕೆಂಡ್, ಅಂದರೆ ಒಂದು ಸೆಕೆಂಡಿನ ಐದನೇ ಒಂದು ಭಾಗ. ಒಪ್ಪುವ ಉತ್ತರ ಬೇಗ ಬಂತು, ಒಪ್ಪದ ಉತ್ತರ ತಡವಾಯಿತು. ಆ ಹತ್ತರಲ್ಲಿ ಕನ್ನಡ ಇರಲಿಲ್ಲ. ಆದರೂ ‘ದುಡ್ಡು ಬೇಕಿತ್ತು’ ಎಂದಾಗ ಎದುರಿನವರು ಒಂದು ಕ್ಷಣ ಸುಮ್ಮನಾದರೆ, ಅವರು ಬಾಯಿ ತೆರೆಯುವ ಮೊದಲೇ ನಮಗೆ ಉತ್ತರ ಗೊತ್ತಾಗುತ್ತದೆಯಲ್ಲ, ಇದೂ ಅದೇ.

ಮೆಸೇಜಿನಲ್ಲಿ ಯಾರೂ ಅಷ್ಟು ಬೇಗ ಉತ್ತರಿಸಲಾಗುವುದಿಲ್ಲ. ಆದರೆ ತಡವನ್ನು ‘ಬೇಡ’ ಎಂದು ಓದುವ ಅಭ್ಯಾಸವನ್ನು ಜನ ಮೆಸೇಜಿಗೂ ತರುತ್ತಾರೆ. ನೀಲಿ ಗುರುತು ಬಿದ್ದು ಹತ್ತು ನಿಮಿಷ ಉತ್ತರವಿಲ್ಲದಿದ್ದರೆ, ಕೇಳಿದವರು ಅದಕ್ಕೆ ತಮ್ಮದೇ ಅರ್ಥ ಕಟ್ಟಿಕೊಳ್ಳುತ್ತಾರೆ. ಚುಟುಕಾದ ‘ಹೂಂ, ಹೇಳಿ’ಯ ದೊಡ್ಡ ಲಾಭ ಇದೇ. ಅದನ್ನು ಯೋಚಿಸಿ ಬರೆಯಬೇಕಿಲ್ಲ, ತಕ್ಷಣ ಕಳಿಸಬಹುದು. ಧೈರ್ಯ ತುಂಬುವ ನಾಲ್ಕು ಸಾಲಿನ ಉತ್ತರ ಬರೆಯಲು ಐದು ನಿಮಿಷ ತೆಗೆದುಕೊಂಡರೆ, ಆ ಐದು ನಿಮಿಷದಲ್ಲಿ ಹುಡುಗ ಮೊದಲ ಮೆಸೇಜನ್ನೇ ಅಳಿಸಿಬಿಟ್ಟಿರಬಹುದು.

‘ಹೇಳಿ’ ಮತ್ತು ‘ಕೇಳಿ’ ಎಂಬೆರಡರಲ್ಲಿ ಯಾವುದು ಮೇಲು? ಎರಡೂ ಸರಿ. ಆದರೆ ‘ಕೇಳಿ’ ಎಂಬುದು ಪ್ರಶ್ನೆಯನ್ನೇ ಬೇಡುತ್ತದೆ. ‘ಹೇಳಿ’ ಎಂಬುದರಲ್ಲಿ ಹಿನ್ನೆಲೆಗೂ ಜಾಗವಿದೆ. ಮೊದಲು ಬರುವುದು ಹಿನ್ನೆಲೆಯೇ ಆದ್ದರಿಂದ, ಮುಜುಗರದ ವಿಷಯವಿರಬಹುದು ಎನಿಸಿದಾಗ ‘ಹೇಳಿ’ ಹೆಚ್ಚು ಹೊಂದುತ್ತದೆ ಎಂಬುದು ನಮ್ಮ ಅನಿಸಿಕೆ.

ಆಹ್ವಾನ ಕೊಟ್ಟ ಮೇಲೆ ಕಾಯಬೇಕು

‘ಹೇಳಪ್ಪ’ ಎಂದ ಮೇಲೂ ಕೆಲಸ ಕೆಡಬಹುದು. ‘ನಿನ್ನೆ ಸಂಜೆ ಕ್ರಿಕೆಟ್ ಆಡ್ತಿದ್ವಿ’ ಎಂಬ ಮೊದಲ ಸಾಲು ಬಂದ ಕೂಡಲೇ ಶಿಕ್ಷಕಿ ‘ಮುಂದಿನ ವಾರ ಪರೀಕ್ಷೆ, ನಿಮಗೆ ಕ್ರಿಕೆಟ್ಟಾ?’ ಎಂದಿದ್ದರೆ? ಅದು ಸಹಜವಾದ ಮಾತೇ. ಆದರೆ ಹಿನ್ನೆಲೆಯನ್ನೇ ವಿಷಯ ಎಂದು ತಿಳಿದದ್ದರ ಫಲ ಅದು. ಹುಡುಗ ‘ಸಾರಿ ಮೇಡಂ, ಓದ್ತೀನಿ’ ಎನ್ನುತ್ತಾನೆ. ಮಾತು ಮುಗಿಯಿತು ಎಂದು ಶಿಕ್ಷಕಿಗೂ ಅನಿಸುತ್ತದೆ. ನಾಯಿಮರಿಯ ಸುದ್ದಿ ಹೊರಗೆ ಬರುವುದೇ ಇಲ್ಲ.

ಇಂಥದ್ದು ವೈದ್ಯರ ಕೋಣೆಯಲ್ಲೂ ನಡೆಯುತ್ತದೆ. ಹೊವರ್ಡ್ ಬೆಕ್‌ಮನ್ ಮತ್ತು ರಿಚರ್ಡ್ ಫ್ರಾಂಕೆಲ್ 1984ರಲ್ಲಿ ಅಮೆರಿಕದಲ್ಲಿ 74 ಭೇಟಿಗಳ ಧ್ವನಿಮುದ್ರಣವನ್ನು ಪರಿಶೀಲಿಸಿದಾಗ, ರೋಗಿ ತಾನು ಬಂದ ಕಾರಣವನ್ನು ಪೂರ್ತಿ ಹೇಳಿ ಮುಗಿಸಲು ಅವಕಾಶ ಸಿಕ್ಕಿದ್ದು 17ರಲ್ಲಿ ಮಾತ್ರ. ವೈದ್ಯರು ಮಾತನ್ನು ತಡೆದು ತಮ್ಮ ಪ್ರಶ್ನೆಯ ಕಡೆಗೆ ತಿರುಗಿಸುವುದಕ್ಕೆ ಹಿಡಿದದ್ದು ಸರಾಸರಿ 18 ಸೆಕೆಂಡ್. ರೋಗಿ ಮೊದಲು ಹೇಳಿದ ತೊಂದರೆಯೇ ಮುಖ್ಯ ತೊಂದರೆ ಎಂದು ಹಿಡಿದುಕೊಂಡರೆ, ಹೇಳದೇ ಉಳಿದದ್ದು ಹಾಗೇ ಉಳಿಯುತ್ತದೆ.

ಮೆಸೇಜಿನಲ್ಲಿ ಹಿನ್ನೆಲೆ ಮುಗಿಯಿತೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಬಂದ ಸಾಲುಗಳಲ್ಲಿ ಪ್ರಶ್ನೆ ಇದೆಯೇ ನೋಡಿ. ಪ್ರಶ್ನೆ ಇನ್ನೂ ಬಂದಿಲ್ಲವಾದರೆ ಅವರ ಸರದಿ ಇನ್ನೂ ಮುಗಿದಿಲ್ಲ, ಏಕೆಂದರೆ ಒಂದು ಪ್ರಶ್ನೆ ಬರುತ್ತದೆ ಎಂದು ಅವರೇ ಮೊದಲು ಹೇಳಿದ್ದಾರೆ. ತುಂಬ ಹೊತ್ತು ನಿಂತುಹೋದರೆ ‘ಹೂಂ, ಆಮೇಲೆ?’ ಎಂದರೆ ಸಾಕು. ಊಹೆ ಮಾಡಿ ‘ನಾಯಿ ಕಚ್ಚಿತಾ?’ ಎಂದು ಮೊದಲೇ ಕೇಳಬೇಕಿಲ್ಲ. ಊಹೆ ತಪ್ಪಾದರೆ ಅವರು ತಮ್ಮ ವಿಷಯ ಬಿಟ್ಟು ನಮ್ಮ ಊಹೆಗೆ ಉತ್ತರ ಕೊಡುತ್ತಾ ಕೂರುತ್ತಾರೆ. ಆದರೆ ಬಂದ ಸಾಲಿನಲ್ಲೇ ಅಪಾಯ ಕಂಡರೆ, ವಿಷ ಕುಡಿದದ್ದು, ಹಾವು ಕಚ್ಚಿದ್ದು, ಎದೆನೋವು, ಸಾಯುವ ಮಾತು, ಆಗ ಪ್ರಶ್ನೆಗಾಗಿ ಕಾಯುವಂತಿಲ್ಲ. ಕೂಡಲೇ ಫೋನ್ ಮಾಡಬೇಕು.

‘ಹೌದು’ ಎನ್ನಲು ಬಿಡುವಿಲ್ಲದಿದ್ದರೆ

ಬಸ್ಸಿನಲ್ಲಿದ್ದೇವೆ, ಪಾಠ ಮಾಡುತ್ತಿದ್ದೇವೆ, ಮಗುವಿಗೆ ಊಟ ಮಾಡಿಸುತ್ತಿದ್ದೇವೆ. ಆಗಲೂ ಉತ್ತರ ‘ಹೂಂ, ಹೇಳಿ’ಯೇ, ಅದಕ್ಕೊಂದು ಹೊತ್ತು ಸೇರಿಸಬೇಕು ಅಷ್ಟೇ: ‘ಹೂಂ, ಬರೆದು ಕಳಿಸು. ಒಂಬತ್ತು ಗಂಟೆಗೆ ನೋಡ್ತೀನಿ. ಅರ್ಜೆಂಟ್ ಇದ್ರೆ ಈಗಲೇ ಫೋನ್ ಮಾಡು.’ ಬರೀ ‘ಆಮೇಲೆ ಮಾತಾಡೋಣ’ ಎಂದರೆ ಆ ‘ಆಮೇಲೆ’ ಯಾವಾಗ ಎಂದು ಅವರಿಗೆ ತಿಳಿಯದು. ಮತ್ತೊಮ್ಮೆ ಅನುಮತಿ ಕೇಳುವ ಧೈರ್ಯವೂ ಬೇಕಾಗುತ್ತದೆ.

ಹೇಳಿ ಎಂದದ್ದು ಕೇಳಿಸಿಕೊಳ್ಳಲು ಒಪ್ಪಿದ್ದು ಮಾತ್ರ. ಕೇಳಿದ್ದನ್ನೆಲ್ಲ ಕೊಡಲು, ಗೊತ್ತಿಲ್ಲದ್ದಕ್ಕೆ ಉತ್ತರಿಸಲು ಒಪ್ಪಿದ್ದಲ್ಲ. ಗೊತ್ತಿಲ್ಲದಿದ್ದರೆ ‘ಇದು ನನಗೆ ಗೊತ್ತಿಲ್ಲ, ಡಾಕ್ಟರನ್ನೇ ಕೇಳಬೇಕು’ ಎಂದರಾಯಿತು. ಪರಿಚಯವಿಲ್ಲದ ನಂಬರಿನಿಂದ ಇದೇ ಮೆಸೇಜು ಬಂದರೆ ಮಾತ್ರ ‘ಯಾರು ನೀವು?’ ಎಂಬುದೇ ಮೊದಲು. ಹಣ, ಒಟಿಪಿ ಕೇಳುವ ಮೋಸಗಾರರೂ ಹೀಗೆಯೇ ಶುರು ಮಾಡುತ್ತಾರೆ.

ಹಾಗಾದರೆ ನೇರವಾಗಿ ಕೇಳಬಾರದೇ?

ಮೊದಲಿನ ನಂಬಿಕೆಗೆ ಮರಳೋಣ. ಅನುಮತಿ ಕೇಳುವುದು ಸಮಯ ಹಾಳು ಎಂಬುದು ಅರ್ಧ ನಿಜ. ಕಚೇರಿಯಲ್ಲಿ ‘ಆ ಫೈಲ್ ಎಲ್ಲಿದೆ?’ ಎಂಬಂಥ ಮಾತಿಗೆ ಅನುಮತಿ ಬೇಕಿಲ್ಲ. ಉತ್ತರ ಬರುವವರೆಗೆ ಇಬ್ಬರೂ ಸುಮ್ಮನೆ ಕಾಯುವುದು ನಿಜಕ್ಕೂ ನಷ್ಟ. ಅಂಥಲ್ಲಿ ಕೇಳುವವರು ಎರಡನ್ನೂ ಒಟ್ಟಿಗೆ ಕಳಿಸಬಹುದು: ‘ಸರ್, ಒಂದು ವಿಷಯ ಕೇಳಬೇಕಿತ್ತು. ನಾಳೆಯ ರಜೆ ಬಗ್ಗೆ.’ ತುರ್ತಿದ್ದರೆ ಅದನ್ನೂ ಮೊದಲ ಸಾಲಿನಲ್ಲೇ ಹೇಳುವುದು ಒಳ್ಳೆಯದು.

ಆದರೆ ಉಳಿದರ್ಧ ಹೀಗಿದೆ: ನೇರವಾಗಿ ಕೇಳಬಲ್ಲವರು ಹೇಗೂ ಕೇಳುತ್ತಾರೆ. ಅನುಮತಿ ಕೇಳಿ ನಿಂತವರಲ್ಲಿ ನೇರವಾಗಿ ಕೇಳಲಾಗದವರೂ ಇರುತ್ತಾರೆ. ಅಕ್ಕಿಯ ಬೆಲೆ ಕೇಳುವವರು ಯಾರು, ಕಾಲಿನ ಗಾಯ ಮುಚ್ಚಿಟ್ಟುಕೊಂಡವರು ಯಾರು ಎಂಬುದು ಮೊದಲ ಮೆಸೇಜಿನಲ್ಲಿ ಗೊತ್ತಾಗುವುದಿಲ್ಲ. ಇಬ್ಬರದೂ ಒಂದೇ ಸಾಲು. ಆದ್ದರಿಂದಲೇ ಇಬ್ಬರಿಗೂ ಹೊಂದುವ, ಬರೆಯಲು ಎರಡು ಸೆಕೆಂಡ್ ಸಾಕಾಗುವ ಉತ್ತರ ಬೇಕು. ಅದು ‘ಹೂಂ, ಹೇಳಿ.’